ಮಿಲ್ಲಿನ ಸಾಲಕ್ಕೆ ಸಾವ್ಕಾರನ ಮನೆ ಬರುತ್ತದೆಯೇ?

ಶಹಾಪುರ, ಸುರಪುರ, ಯಾದಗಿರಿ ಸೀಮೆಯಲ್ಲಿ ಹತ್ತಿ, ತೊಗರಿ ಎಷ್ಟೋ ಸಲ ನಂಬಿಕೆಯ ಮೇಲೆಯೇ ಮಿಲ್ಲು ಸೇರುತ್ತದೆ. ಮಾಲು ಇಂದು, ರೊಕ್ಕ ಮುಂದೆ. ಮಿಲ್ಲಿಗೆ ಬೀಗ ಬಿದ್ದರೆ ‘ಸಾವ್ಕಾರನ ಮನೆ, ಹೊಲ ಮಾರಿಸೋಣ’ ಎನ್ನುವವರು ಒಂದು ಕಡೆ, ‘ಅದು ಲಿಮಿಟೆಡ್ ಕಂಪನಿ, ಇನ್ನೇನೂ ಸಿಗದು’ ಎಂದು ಕೈಚೆಲ್ಲುವವರು ಇನ್ನೊಂದು ಕಡೆ. ಎರಡೂ ಅರ್ಧ ತಿಳಿವಳಿಕೆಯ ಮಾತು.

ತಪ್ಪು ಕಲ್ಪನೆ: ಬೋರ್ಡಿನ ಮೇಲೆ ‘ಕಂಪನಿ’ ಎಂದಿದ್ದರೆ ಮಾಲೀಕ ಪಾರು.

ವಾಸ್ತವ: ‘ಅಂಡ್ ಕಂಪನಿ’, ‘ಟ್ರೇಡರ್ಸ್’, ‘ಇಂಡಸ್ಟ್ರೀಸ್’ ಎಂಬ ಹೆಸರಿನ ಅನೇಕ ಅಂಗಡಿಗಳು ಒಬ್ಬರ ಸ್ವಂತ ವ್ಯವಹಾರ, ಇಲ್ಲವೇ ಪಾಲುದಾರಿಕೆ. ಅಲ್ಲಿ ಮಾಲೀಕನನ್ನು ಮರೆಮಾಡುವ, ಸರಿಸಬೇಕಾದ ಕಂಪನಿಯೆಂಬ ಮುಸುಕೇ ಇಲ್ಲ. ಸಾಲ ನೇರವಾಗಿ ಮಾಲೀಕರದು, ಪಾಲುದಾರಿಕೆಯಾದರೆ ಪ್ರತಿ ಪಾಲುದಾರನೂ ಪೂರ್ತಿ ಬಾಕಿಗೆ ಹೊಣೆ. ನಿಜವಾದ ಖಾಸಗಿ ಕಂಪನಿಯ ಹೆಸರು ‘ಪ್ರೈವೇಟ್ ಲಿಮಿಟೆಡ್’ ಎಂದೇ ಮುಗಿಯಬೇಕು, ಬಿಲ್ಲಿನ ಮೇಲೆ 21 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರಬೇಕು. ಕೇಸು ಯೋಚಿಸುವ ಮೊದಲು ಬಿಲ್ಲು ತೆಗೆದು ನೋಡಿ.

ತಪ್ಪು ಕಲ್ಪನೆ: ಷೇರೆಲ್ಲ ಒಬ್ಬನದೇ ಆದರೆ ಸಾಲವೂ ಅವನದೇ.

ವಾಸ್ತವ: ಈ ವಾದ 1897ರಲ್ಲೇ ಬಿದ್ದುಹೋಯಿತು. ಲಂಡನ್ನಿನ ಚರ್ಮದ ಬೂಟು ವ್ಯಾಪಾರಿ ಸಾಲೊಮನ್ ಬಳಿ ಕಂಪನಿಯ 20,007 ಷೇರುಗಳಲ್ಲಿ 20,001 ಇದ್ದವು, ಉಳಿದ ಆರು ಮನೆಯವರವು. ಕಂಪನಿ ಮುಳುಗಿದಾಗ ಅದರ ಸಾಲ ಅವನ ತಲೆಗೆ ಬರುವುದಿಲ್ಲ ಎಂದು ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠ ಹೇಳಿತು. ನಮ್ಮ ನ್ಯಾಯಾಲಯಗಳೂ ಅದೇ ಬುನಾದಿಯ ಮೇಲೆ ನಿಂತಿವೆ. ಹಿಡಿತ ಒಬ್ಬನ ಕೈಯಲ್ಲಿದೆ ಎಂಬುದಷ್ಟೇ ಸಾಲದು. ದರ ಕುಸಿದು, ಲೆಕ್ಕ ನೆಟ್ಟಗಿದ್ದೂ ಮುಳುಗಿದ ಮಿಲ್ಲಿನ ಮಾಲೀಕನ ಮನೆಯನ್ನು ಕೋರ್ಟು ಮುಟ್ಟುವುದಿಲ್ಲ. ರೈತನಿಗೆ ಇದು ಕಹಿ, ಆದರೆ ಕಾನೂನು ಹೀಗೇ ಇದೆ.

ತಪ್ಪು ಕಲ್ಪನೆ: ಹಾಗಾದರೆ ಕಂಪನಿ ಮುಚ್ಚಿದ ಮೇಲೆ ಮಾಲೀಕನನ್ನು ಹಿಡಿಯುವ ದಾರಿಯೇ ಇಲ್ಲ.

ವಾಸ್ತವ: ಕಂಪನಿ ಮೋಸದ ಉಪಕರಣವಾಗಿದ್ದರೆ ದಾರಿ ಇದೆ. 1996ರ ದೆಹಲಿಯ ಸ್ಕಿಪ್ಪರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಜನರ ಹಣ ನುಂಗಿದವನ ಕಂಪನಿಗಳ ಮುಸುಕು ಸರಿಸಿ, ಸುಪ್ರೀಂ ಕೋರ್ಟ್ ಅವನ ಕುಟುಂಬದ ಆಸ್ತಿಗೂ ಕೈಹಾಕಿತು.

ನಮ್ಮ ಕಡೆಗೆ ಹೊಂದುವ ಕಲ್ಪಿತ ಪ್ರಸಂಗವೊಂದನ್ನು ನೋಡೋಣ. ಶಹಾಪುರದ ಹತ್ತಿರ ಒಂದು ಜಿನ್ನಿಂಗ್ ಕಂಪನಿ, ಬಂಡವಾಳ 1 ಲಕ್ಷ, ಗಂಡ-ಹೆಂಡತಿ ನಿರ್ದೇಶಕರು. ರೈತರಿಗೆ 60 ಲಕ್ಷ ಬಾಕಿ. ಡಿಸೆಂಬರಿನಲ್ಲಿ ಬ್ಯಾಂಕಿನ ಕಂತು ತಪ್ಪಿದೆ, ಆದರೂ ಜನವರಿಯಲ್ಲಿ ಉದ್ದರಿ ಹತ್ತಿ ಇಳಿಸಿಕೊಂಡಿದ್ದಾರೆ. ಅರಳೆ ಮಾರಿದ ಹಣ ಮಗನ ಹೊಸ ಸಂಸ್ಥೆಯ ಖಾತೆಗೆ ಹೋಗಿದೆ. ಫೆಬ್ರವರಿಯಲ್ಲಿ ಹಳೆ ಕಂಪನಿಗೆ ಬೀಗ, ಅದೇ ಜಾಗದಲ್ಲಿ ಅವೇ ಯಂತ್ರಗಳ ಮೇಲೆ ಹೊಸ ಬೋರ್ಡು. ಕೋರ್ಟು ಕೇಳುವುದು ಈ ಪ್ರಶ್ನೆಗಳನ್ನು: ತೀರಿಸಲಾಗದು ಎಂದು ಗೊತ್ತಿದ್ದೂ ಮಾಲು ಪಡೆದರೇ? ಹಣ ಯಾವ ದಿನ, ಯಾರಿಗೆ ಹೋಯಿತು? ಯಂತ್ರಗಳಿಗೆ ಹೊಸ ಸಂಸ್ಥೆ ಬೆಲೆ ಕೊಟ್ಟಿತೇ? ಉತ್ತರ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿರುತ್ತದೆ, ಊರ ಮಾತಿನಲ್ಲಲ್ಲ.

ಇಂಥ ದಾವೆಗಳು ಹೆಚ್ಚಾಗಿ ಸೋಲುವುದು ಮೊದಲ ಹೆಜ್ಜೆಯಲ್ಲೇ. ಕಂಪನಿಯೊಂದರ ಮೇಲೆಯೇ ದಾವೆ ಹೂಡಿ ಡಿಕ್ರಿ ಪಡೆದರೆ, ಜಾರಿಯ ಹಂತದಲ್ಲಿ ನಿರ್ದೇಶಕನ ಹೊಲ ಜಪ್ತಿ ಮಾಡಿಸುವುದು ಬಲು ಕಷ್ಟ. ನಿರ್ದೇಶಕರನ್ನೂ ಹೊಸ ಸಂಸ್ಥೆಯನ್ನೂ ಆರಂಭದಲ್ಲೇ ಪ್ರತಿವಾದಿ ಮಾಡಿ, ಮೋಸವನ್ನು ತಾರೀಖು, ಮೊತ್ತಗಳ ಸಮೇತ ದಾವಾಪತ್ರದಲ್ಲಿ ಬರೆಯಬೇಕು. ಆಸ್ತಿ ಕೈಬದಲಾಗುವ ಸೂಚನೆಯಿದ್ದರೆ ತೀರ್ಪಿಗೆ ಮುಂಚಿನ ಜಪ್ತಿಯನ್ನೂ ಕೇಳಬೇಕು. ಬಾಕಿ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು.

ದಿವಾಳಿ ಕಾಯ್ದೆಯ 66ನೇ ಕಲಂ ಕೂಡ ಮೋಸದ ವ್ಯಾಪಾರಕ್ಕೆ ನಿರ್ದೇಶಕರನ್ನು ಸ್ವಂತವಾಗಿ ಹೊಣೆ ಮಾಡುತ್ತದೆ. ಆದರೆ 1 ಕೋಟಿಗಿಂತ ಕಡಿಮೆ ಬಾಕಿಗೆ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆ ಶುರು ಮಾಡಿಸಲಾಗದು. ಹಾಗಾಗಿ ಸಣ್ಣ ರೈತನಿಗೆ ಸಿವಿಲ್ ಕೋರ್ಟೇ ಗತಿ.

ತಪ್ಪು ಕಲ್ಪನೆ: ಮಲ್ಯನ ಮೇಲೆ ಸಾಲ ಬಂದದ್ದು ಮುಸುಕು ಸರಿಸಿದ್ದರಿಂದ.

ವಾಸ್ತವ: ಬ್ಯಾಂಕುಗಳಿಗೆ ಆ ಕಷ್ಟವೇ ಬರಲಿಲ್ಲ. ಕಿಂಗ್‌ಫಿಶರ್ ಏರ್‌ಲೈನ್ಸ್ ಸಾಲಕ್ಕೆ ವಿಜಯ್ ಮಲ್ಯ ಸ್ವಂತ ಜಾಮೀನು ಬರೆದುಕೊಟ್ಟಿದ್ದರು. 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿ 6,203 ಕೋಟಿಯನ್ನು ಬಡ್ಡಿಸಹಿತ ವಸೂಲು ಮಾಡಲು ಹೇಳಿದ್ದರ ಹಿಂದಿದ್ದದ್ದು ಆ ಸಹಿ. ಮಿಲ್ಲಿಗೆ ಸಾಲ ಕೊಡುವ ಬ್ಯಾಂಕೂ ಹೀಗೇ ನಿರ್ದೇಶಕನ ಸಹಿ ಕೇಳುತ್ತದೆ. ಮಾಲು ಕೊಡುವ ರೈತನಾಗಲಿ, ದಲಾಲಿಯಾಗಲಿ ಅದನ್ನು ಕೇಳುವುದು ಅಪರೂಪ.

ಕಂಪನಿಯ ಚೆಕ್ ಬೌನ್ಸ್ ಆದರೆ ದಾರಿ ಬೇರೆ. ಆ ಹೊತ್ತಿನಲ್ಲಿ ವ್ಯವಹಾರ ನಡೆಸುತ್ತಿದ್ದ ನಿರ್ದೇಶಕನ ಮೇಲೂ ಕ್ರಿಮಿನಲ್ ಪ್ರಕರಣ ಹೂಡಬಹುದು. ದಿವಾಳಿ ಪ್ರಕ್ರಿಯೆ ಶುರುವಾದರೆ ಕಂಪನಿಯ ಮೇಲಿನ ಪ್ರಕರಣಕ್ಕೆ ತಡೆ ಬೀಳುತ್ತದೆ, ನಿರ್ದೇಶಕನ ಮೇಲಿನದು ನಿಲ್ಲದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನವಾದರೂ ಹಣ ಬಾರದಿದ್ದರೆ, ಆಮೇಲಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು ಸಲ್ಲಿಸಬೇಕು.