ಬೆಲೆ ಏರಿದಾಗ ಲಾಭ ಎಷ್ಟು? ದಾಸ್ತಾನಿನ ಮೂರು ಲೆಕ್ಕಗಳು

ಒಂದೇ ಅಂಗಡಿ, ಒಂದೇ ಸರಕು, ಒಂದೇ ಮಾರಾಟ. ಆದರೂ ತಿಂಗಳ ಲಾಭ 1,12,500 ರೂಪಾಯಿ ಎಂದೂ ತೋರಿಸಬಹುದು, 75 ಸಾವಿರ ರೂಪಾಯಿ ಎಂದೂ ತೋರಿಸಬಹುದು. ಇದರಲ್ಲಿ ಮೋಸವೇನೂ ಇಲ್ಲ. ಮಾರಿದ್ದು ಹಳೆಯ ದರದ ಸರಕೋ, ಹೊಸ ದರದ ಸರಕೋ ಎಂಬ ಪ್ರಶ್ನೆಗೆ ನೀಡುವ ಉತ್ತರ ಬದಲಾದರೆ ಲಾಭದ ಅಂಕಿಯೂ ಬದಲಾಗುತ್ತದೆ.

ಅಡುಗೆ ಎಣ್ಣೆಯ ಸಗಟು ಅಂಗಡಿಯೊಂದರ ಉದಾಹರಣೆ ನೋಡೋಣ. ತಿಂಗಳ ಆರಂಭದಲ್ಲಿ ಗೋದಾಮಿನಲ್ಲಿ ತಲಾ 1,800 ರೂ. ದರದ 100 ಟಿನ್‌ಗಳಿದ್ದವು. ಮೊದಲ ವಾರದಲ್ಲಿ 1,950 ರೂ.ನಂತೆ 200 ಟಿನ್, ಮೂರನೇ ವಾರದಲ್ಲಿ 2,100 ರೂ.ನಂತೆ ಮತ್ತೆ 200 ಟಿನ್ ಖರೀದಿಯಾಯಿತು. ಒಟ್ಟು 500 ಟಿನ್‌ಗಳಿಗೆ ತಗುಲಿದ ವೆಚ್ಚ 9,90,000 ರೂ. ತಿಂಗಳಲ್ಲಿ 2,250 ರೂ.ನಂತೆ 350 ಟಿನ್ ಮಾರಾಟವಾಗಿ 7,87,500 ರೂ. ಬಂದಿತು. ಉಳಿದದ್ದು 150 ಟಿನ್. 9.90 ಲಕ್ಷ ರೂಪಾಯಿಯನ್ನು ಮಾರಾಟವಾದ ಸರಕಿಗೂ ಉಳಿದ ದಾಸ್ತಾನಿಗೂ ಹೇಗೆ ಹಂಚಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಹಳೆಯದು ಮೊದಲು

ಮೊದಲು ಬಂದದ್ದು ಮೊದಲು ಹೊರಗೆ ಎನ್ನುವುದು 'ಫಿಫೊ' ಪದ್ಧತಿ. ಇದರಂತೆ 1,800 ರೂ.ನ 100, 1,950 ರೂ.ನ 200 ಹಾಗೂ 2,100 ರೂ.ನ 50 ಟಿನ್‌ಗಳು ಮಾರಾಟವಾದವೆಂದು ಭಾವಿಸಬೇಕು. ಮಾರಾಟವಾದ ಸರಕಿನ ವೆಚ್ಚ 6,75,000 ರೂ. ಉಳಿದ 150 ಟಿನ್‌ಗಳೂ ಹೊಸ ದರದವು. ಅವುಗಳ ಮೌಲ್ಯ 3,15,000 ರೂ. ಲಾಭ 1,12,500 ರೂ.

ಹೊಸದು ಮೊದಲು

ಕೊನೆಗೆ ಬಂದದ್ದು ಮೊದಲು ಹೊರಗೆ ಎನ್ನುವುದು 'ಲಿಫೊ'. ಇಲ್ಲಿ 2,100 ರೂ.ನ 200 ಹಾಗೂ 1,950 ರೂ.ನ 150 ಟಿನ್‌ಗಳು ಮಾರಾಟವಾದಂತೆ ಲೆಕ್ಕ. ವೆಚ್ಚ 7,12,500 ರೂ.ಗೆ ಏರುತ್ತದೆ, ಲಾಭ 75,000 ರೂ.ಗೆ ಇಳಿಯುತ್ತದೆ. ಉಳಿದ ದಾಸ್ತಾನು ಹಳೆಯ ದರಗಳಲ್ಲೇ ನಿಂತು 2,77,500 ರೂ. ಆಗುತ್ತದೆ. ಫಿಫೊಗೆ ಹೋಲಿಸಿದರೆ ದಾಸ್ತಾನು ಕುಗ್ಗಿದ್ದು 37,500 ರೂ., ಲಾಭ ಕುಗ್ಗಿದ್ದೂ ಅಷ್ಟೇ.

ಸರಾಸರಿಯಲ್ಲಿ ಎಡವುವುದು ಎಲ್ಲಿ?

ತೂಕದ ಸರಾಸರಿ ಪದ್ಧತಿಯಲ್ಲಿ ಒಟ್ಟು ವೆಚ್ಚವನ್ನು ಒಟ್ಟು ಟಿನ್‌ಗಳಿಂದ ಭಾಗಿಸಬೇಕು. 9,90,000 ರೂ.ಯನ್ನು 500ರಿಂದ ಭಾಗಿಸಿದರೆ ಟಿನ್‌ಗೆ 1,980 ರೂ. ಮಾರಾಟದ ವೆಚ್ಚ 6,93,000, ದಾಸ್ತಾನು 2,97,000, ಲಾಭ 94,500 ರೂ. ಬೆಲೆ ಏರುವಾಗ ಈ ಫಲಿತಾಂಶ ಉಳಿದೆರಡರ ನಡುವೆ ನಿಲ್ಲುತ್ತದೆ.

ಮೂರು ದರಗಳನ್ನು ಕೂಡಿಸಿ ಮೂರರಿಂದ ಭಾಗಿಸುವುದು ಸಾಮಾನ್ಯ ತಪ್ಪು. ಆಗ ದರ 1,950 ರೂ. ಬರುತ್ತದೆ. ಅದರಂತೆ ವೆಚ್ಚ 6,82,500, ದಾಸ್ತಾನು 2,92,500. ಎರಡನ್ನೂ ಕೂಡಿಸಿದರೆ 9,75,000 ರೂ. ಮಾತ್ರ; 15 ಸಾವಿರ ರೂಪಾಯಿ ಲೆಕ್ಕದಿಂದಲೇ ಮಾಯ! ಮಾರಾಟವಾದ ಸರಕಿನ ವೆಚ್ಚ ಮತ್ತು ಅಂತಿಮ ದಾಸ್ತಾನು ಸೇರಿ ಒಟ್ಟು ವೆಚ್ಚಕ್ಕೆ ಸಮನಾಗಲೇಬೇಕು. ಯಾವ ಪದ್ಧತಿಗಾದರೂ ಇದೇ ಪರೀಕ್ಷೆ.

ಕೈಗೆ ಸಿಕ್ಕುವುದೆಷ್ಟು?

ಫಿಫೊ ತೋರಿಸುವ 1,12,500 ರೂ. ಲಾಭವನ್ನು ನಂಬಿ ವರ್ತಕರು ಅಷ್ಟನ್ನೂ ಮನೆಖರ್ಚಿಗೆ ತೆಗೆದರೆ ಪೇಚಿಗೆ ಸಿಲುಕುತ್ತಾರೆ. ಮಾರಿದ 350 ಟಿನ್‌ಗಳನ್ನು 2,100 ರೂ. ದರದಲ್ಲಿ ಮತ್ತೆ ತುಂಬಿಸಲು 7,35,000 ರೂ. ಬೇಕು. ಮಾರಾಟದ ಹಣದಲ್ಲಿ ಮಿಗುವುದು 52,500 ರೂ. ಮಾತ್ರ. ಉಳಿದ 60 ಸಾವಿರ ರೂಪಾಯಿ ಗೋದಾಮಿನ ಟಿನ್‌ಗಳಲ್ಲೇ ಕುಳಿತಿರುತ್ತದೆ. ಲಿಫೊ ಲಾಭ ಈ ವಾಸ್ತವಕ್ಕೆ ಹತ್ತಿರ; ಆದರೆ ಅದು ತೋರುವ ದಾಸ್ತಾನಿನ ಮೌಲ್ಯ ಮಾರುಕಟ್ಟೆ ದರದಿಂದ ದೂರ.

ಹಾಗೆಂದು ಇಲ್ಲಿನ ವರ್ತಕರು ಲಿಫೊ ಮೊರೆ ಹೋಗುವಂತಿಲ್ಲ. 1999ರಲ್ಲಿ ಪರಿಷ್ಕೃತವಾದ ಭಾರತದ ಎರಡನೇ ಲೆಕ್ಕಪತ್ರ ಮಾನದಂಡ ಇಂತಹ ಸರಕಿಗೆ ಫಿಫೊ ಅಥವಾ ತೂಕದ ಸರಾಸರಿಯನ್ನು ಮಾತ್ರ ಒಪ್ಪುತ್ತದೆ. ಅಂತರರಾಷ್ಟ್ರೀಯ ಮಾನದಂಡವೂ 2003ರ ಪರಿಷ್ಕರಣೆಯಲ್ಲಿ ಲಿಫೊವನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಅದಕ್ಕೆ ಅವಕಾಶವಿದೆಯಾದರೂ, ತೆರಿಗೆಗೆ ಲಿಫೊ ಬಳಸುವ ಕಂಪನಿ ಷೇರುದಾರರಿಗೆ ನೀಡುವ ವರದಿಯಲ್ಲೂ ಅದನ್ನೇ ಬಳಸಬೇಕೆಂಬ ಷರತ್ತಿದೆ. ತೆರಿಗೆ ಇಲಾಖೆಗೆ ಕಡಿಮೆ ಲಾಭ, ಷೇರುದಾರರಿಗೆ ಹೆಚ್ಚು ಲಾಭ ತೋರಿಸುವ ದಾರಿಯನ್ನು ಇದು ಮುಚ್ಚುತ್ತದೆ.