ಕಾಣದ ಫ್ರೇಮ್‌ಗಳಿಗೆ ಸುಡುವ ಕರೆಂಟು

2010ರ ಜುಲೈನಲ್ಲಿ ‘ಸ್ಟಾರ್‌ಕ್ರಾಫ್ಟ್ 2’ ಆಟ ಬಿಡುಗಡೆಯಾದಾಗ ಕೆಲವರ ಗ್ರಾಫಿಕ್ಸ್ ಕಾರ್ಡುಗಳು ಅತಿಯಾಗಿ ಬಿಸಿಯಾದವು. ಅದೂ ಯುದ್ಧದ ನಡುವೆಯಲ್ಲ, ಮೆನುವಿನಂಥ ಸರಳ ಪರದೆಗಳಲ್ಲಿ! ಅಲ್ಲಿ ಬಿಡಿಸಬೇಕಾದ ಚಿತ್ರ ಸುಲಭದ್ದು, ವೇಗಕ್ಕೆ ಮಿತಿಯೂ ಇರಲಿಲ್ಲ. ಕಾರ್ಡು ಅದೇ ಚಿತ್ರವನ್ನು ಶಕ್ತಿಯಿದ್ದಷ್ಟೂ ವೇಗವಾಗಿ ಬಿಡಿಸುತ್ತಲೇ ಇತ್ತು. ತಯಾರಕರಾದ ಬ್ಲಿಝರ್ಡ್ ಸಂಸ್ಥೆ variables.txt ಎಂಬ ಫೈಲಿಗೆ ಎರಡು ಸಾಲು ಸೇರಿಸಿಕೊಳ್ಳಲು ಹೇಳಿತು:

```
frameratecapglue=30
frameratecap=60
```

ಮೊದಲನೆಯದು ಮೆನುವಿಗೆ, ಎರಡನೆಯದು ಆಟಕ್ಕೆ.

ಇದೇ ಉಪಾಯ ಮಂಗಳೂರು, ಉಡುಪಿಯ ಮೇ ತಿಂಗಳ ಸೆಕೆಯಲ್ಲಿ ಇಂದಿಗೂ ಬಹಳ ಉಪಯೋಗಕ್ಕೆ ಬರುತ್ತದೆ. 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಬಾರಿ ಮಾತ್ರ ಚಿತ್ರ ಬದಲಿಸುತ್ತದೆ. ಕಾರ್ಡು 180 ಫ್ರೇಮ್ ತಯಾರಿಸಿದರೆ ಅದರ ಬಹುಪಾಲು ದುಡಿಮೆ ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೆ ಖರ್ಚಾದ ಕರೆಂಟು ಮಾತ್ರ ಶಾಖವಾಗಿ ಕೋಣೆಗೆ ಬರುತ್ತದೆ. 60ಕ್ಕೆ ಮಿತಿ ಹಾಕಿದರೆ ಪ್ರತಿ ಫ್ರೇಮಿನ ನಂತರ ಚಿಪ್ಪಿಗೆ ಬಿಡುವು ಸಿಗುತ್ತದೆ. ಅದು ತನ್ನ ವೇಗವನ್ನೂ ವೋಲ್ಟೇಜನ್ನೂ ಇಳಿಸಿಕೊಳ್ಳುತ್ತದೆ. ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ಉಳಿತಾಯ ದೊಡ್ಡದು.

ಫ್ಯಾನು ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. 24 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿ ಇದ್ದ ಚಿಪ್ಪು, ಫ್ಯಾನಿನ ವೇಗ ಅಷ್ಟೇ ಇದ್ದರೆ, 34 ಡಿಗ್ರಿಯ ಕೋಣೆಯಲ್ಲಿ ಸುಮಾರು 80ಕ್ಕೆ ಏರುತ್ತದೆ. ಅದನ್ನು ತಡೆಯಲು ಫ್ಯಾನು ಜೋರಾಗಿ ಸುತ್ತಿ ಗದ್ದಲ ಎಬ್ಬಿಸುತ್ತದೆ. ತೇವಾಂಶದಿಂದ ಚಿಪ್ಪಿಗೆ ಹೆಚ್ಚು ವ್ಯತ್ಯಾಸವಾಗದು, ತೊಂದರೆ ಕುಳಿತವರಿಗೆ: ಬೆವರು ಆರುವುದಿಲ್ಲ, ನೀರಿನ ಕೂಲರ್ ಹಾಕಿದರೂ ಪ್ರಯೋಜನವಿಲ್ಲ. ಅಂಥ ಕೋಣೆಯಲ್ಲಿ 100 ವ್ಯಾಟ್ ಶಾಖ ಕಡಿಮೆಯಾದರೂ ಮೈಗೆ ಗೊತ್ತಾಗುತ್ತದೆ.

ಮೊದಲು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಪರದೆಯ ರಿಫ್ರೆಶ್ ರೇಟ್ ಎಷ್ಟಿದೆ ನೋಡಬೇಕು. 144 ಹರ್ಟ್ಸ್ ಎಂದು ಕೊಂಡ ಮಾನಿಟರ್ ಎಷ್ಟೋ ಸಲ 60ರಲ್ಲೇ ಓಡುತ್ತಿರುತ್ತದೆ. ಆಮೇಲೆ ಆಟದ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಅದೇ ಸಂಖ್ಯೆಯ ಮಿತಿ ಹಾಕಬೇಕು. ಆಟದಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ Max Frame Rate ಇದೆ.

ಫಲ ಸಿಕ್ಕಿತೇ ಎಂದು ತಿಳಿಯಲು ಒಂದೇ ದೃಶ್ಯವನ್ನು ಮಿತಿಯಿಲ್ಲದೆ ಹದಿನೈದು ನಿಮಿಷ, ಮಿತಿ ಹಾಕಿ ಹದಿನೈದು ನಿಮಿಷ ಓಡಿಸಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಬಳಕೆಯನ್ನೂ ಉಷ್ಣತೆಯನ್ನೂ ಹೋಲಿಸಬೇಕು. ಬಳಕೆ ಎರಡು ಸಲವೂ 99 ಪ್ರತಿಶತದ ಆಸುಪಾಸಿನಲ್ಲೇ ನಿಂತರೆ ಕಾರ್ಡು ಆ ಮಿತಿಯನ್ನು ಮುಟ್ಟುತ್ತಲೇ ಇಲ್ಲ ಎಂದರ್ಥ. 144 ಹರ್ಟ್ಸ್ ಪರದೆಯಲ್ಲಿ 90 ಫ್ರೇಮ್ ಮಾತ್ರ ಬರುವ ಭಾರೀ ಆಟಕ್ಕೆ 144ರ ಮಿತಿಯಿಂದ ಏನೂ ಆಗದು. ಅಲ್ಲಿ ಮಿತಿಯನ್ನು 72ಕ್ಕೆ ಇಳಿಸಬೇಕು, ಇಲ್ಲವೇ ಚಿತ್ರದ ಗುಣಮಟ್ಟ ತಗ್ಗಿಸಬೇಕು.

ಸ್ಪರ್ಧೆಗಾಗಿ ಗುಂಡಿನ ಆಟ ಆಡುವವರಿಗೆ ಮಾತ್ರ ಈ ಸಲಹೆ ಹೊಂದದು. ಹೆಚ್ಚುವರಿ ಫ್ರೇಮ್‌ಗಳು ಪೂರ್ತಿ ಕಾಣದಿದ್ದರೂ, ಮೌಸ್ ಒತ್ತಿದ್ದರ ಪರಿಣಾಮ ಪರದೆಗೆ ಕೆಲವು ಮಿಲಿಸೆಕೆಂಡು ಬೇಗ ತಲುಪುತ್ತದೆ. ಅವರು ಪಂದ್ಯದ ಹೊತ್ತಿಗೆ ಮಿತಿ ತೆಗೆದು, ಮೆನುವಿಗೆ ಮಾತ್ರ ಉಳಿಸಿಕೊಳ್ಳಬಹುದು.