ಆಷಾಢದಲ್ಲಿ ಪೀಠೋಪಕರಣ ಅಂಗಡಿಯ ಪ್ರಚಾರ

ಕರ್ನಾಟಕದಲ್ಲಿ ಪೀಠೋಪಕರಣದ ವ್ಯಾಪಾರ ಬಹುಮಟ್ಟಿಗೆ ಮದುವೆ, ಗೃಹಪ್ರವೇಶಗಳನ್ನು ನೆಚ್ಚಿಕೊಂಡಿದೆ. ಆಷಾಢದಲ್ಲಿ ಇವೆರಡೂ ನಿಲ್ಲುವುದರಿಂದ ಅಂಗಡಿ ಬಣಗುಡುತ್ತದೆ. ಆಗ ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂಗಳಲ್ಲಿ ದಿನವೂ ರಿಯಾಯಿತಿಯ ಪೋಸ್ಟರ್ ಹಾಕುವುದು ರೂಢಿ. ಅದನ್ನೇ ನೋಡುತ್ತಿರುವ ಗಿರಾಕಿಗಳು ಬೆಲೆ ಇನ್ನೂ ಇಳಿಯಲಿ ಎಂದು ಕಾಯುತ್ತಾರೆ. ತಿಂಗಳು ಕಳೆದ ಮೇಲೆ ಆ ಪೋಸ್ಟರಿಗೆ ಕವಡೆ ಕಿಮ್ಮತ್ತಿಲ್ಲ.

ವಾರಕ್ಕೆ ಮೂರರಂತೆ ತಿಂಗಳಿಗೆ ಹನ್ನೆರಡು ಪೋಸ್ಟ್ ಹಾಕುವ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅವುಗಳಲ್ಲಿ ಎಂಟು ವರ್ಷವಿಡೀ ಸಲ್ಲುವಂಥವು, ನಾಲ್ಕು ಆ ತಿಂಗಳಿಗಷ್ಟೇ ಸಲ್ಲುವಂಥವು ಇದ್ದರೆ ಸಾಕು. ಮಂಚ, ಸೋಫಾಗಳನ್ನು ಜನ ಒಂದೇ ದಿನದಲ್ಲಿ ಕೊಳ್ಳುವುದಿಲ್ಲ, ವಾರಗಟ್ಟಲೆ ವಿಚಾರಿಸುತ್ತಾರೆ. ಆ ವಿಚಾರಣೆಗೆ ಉತ್ತರ ಕೊಡುವುದು ಎಂಟರ ಕೆಲಸ.

ಅವಕ್ಕೆ ವಿಷಯ ಅಂಗಡಿಯ ಕಟ್ಟೆಯಲ್ಲೇ ಸಿಗುತ್ತದೆ. 72 ಇಂಚು ಅಗಲ, 78 ಇಂಚು ಉದ್ದದ ಹಾಸಿಗೆ ತಂದವರ ಮನೆಯಲ್ಲಿ ಮಂಚದ ಒಳಅಳತೆ 75 ಇಂಚೇ ಇದ್ದರೆ ಮೂರು ಇಂಚು ಹೊರಚಾಚುತ್ತದೆ. ಟೇಪು ಹಿಡಿದು ಮಂಚದ ಒಳಅಳತೆ, ಬಾಗಿಲಿನ ಅಗಲ, ಮೆಟ್ಟಿಲಿನ ತಿರುವು ಅಳೆಯುವುದನ್ನು ತೋರಿಸುವ ಒಂದು ನಿಮಿಷದ ವಿಡಿಯೊ ಯಾವ ತಿಂಗಳಲ್ಲೂ ಹಳೆಯದಾಗದು. ಬಟ್ಟೆಯ ಬೀರುವಿಗೆ ಎಂಆರ್ ಪ್ಲೈವುಡ್ ನಡೆಯುತ್ತದೆ, ಅಡುಗೆಮನೆಯ ಸಿಂಕಿನ ಕೆಳಗೆ ಐಎಸ್ 710 ಗುರುತಿನ ಪ್ಲೈವುಡ್ಡೇ ಬೇಕು ಎಂಬುದೂ ಇದೇ ಜಾತಿಯದು.

ಉಳಿದ ನಾಲ್ಕನ್ನು ದಿನ ನೋಡಿ ಇಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ವರಮಹಾಲಕ್ಷ್ಮಿ ಹಬ್ಬಕ್ಕೆ ಸೋಫಾ ಬೇಕೆನ್ನುವವರಿಗೆ ಹಬ್ಬದ ವಾರ ಪೋಸ್ಟರ್ ತೋರಿಸಿ ಏನು ಪ್ರಯೋಜನ? ಅಳತೆ ಕೊಟ್ಟು ಮಾಡಿಸುವ ಸೋಫಾಕ್ಕೆ ಮೂರು ವಾರ, ಪಾಲಿಶ್ ಒಣಗಲು, ಸಾಗಿಸಲು ಇನ್ನು ನಾಲ್ಕು ದಿನ ಎಂದಿಟ್ಟುಕೊಂಡರೆ, ಹಬ್ಬದಿಂದ 25 ದಿನ ಹಿಂದಕ್ಕೆ ಎಣಿಸಬೇಕು. ಹಬ್ಬ ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ಬರುವುದರಿಂದ ಆರ್ಡರಿನ ಕೊನೆಯ ದಿನ ಆಷಾಢದ ನಡುಭಾಗದ ಆಸುಪಾಸಿಗೆ ಬೀಳುತ್ತದೆ. ಹಾಗಾಗಿ ಮೊದಲ ವಾರವೇ ಆ ದಿನಾಂಕವನ್ನು ತಿಳಿಸಿ, ಎರಡನೆಯ ವಾರ ನೆನಪಿಸಬೇಕು. ಮೂರನೆಯ ವಾರಕ್ಕೆ ಮಳೆಗಾಲದಲ್ಲಿ ಬೀರುವನ್ನು ತೇವದ ಗೋಡೆಯಿಂದ ದೂರವಿಡುವ ಮಾತು, ಕೊನೆಯ ವಾರಕ್ಕೆ ಅಂಗಡಿಯಲ್ಲಿ ಸಿದ್ಧವಿರುವ ಮಾಲು, ಅದರ ಬೆಲೆ. ರಿಯಾಯಿತಿ ಕೊಡುವುದಿದ್ದರೆ ಅದಕ್ಕೆ ಈ ಒಂದೇ ಪೋಸ್ಟ್ ಸಾಕು.

ಫಲವನ್ನು ಲೈಕುಗಳಿಂದ ಅಳೆಯಲಾಗದು. ಬಂದವರು ‘ಲಾಸ್ಟ್ ಎಷ್ಟು?’ ಎಂದಷ್ಟೇ ಕೇಳುತ್ತಿದ್ದರೆ ರಿಯಾಯಿತಿಯ ಪಾಲು ಹೆಚ್ಚಾಗಿದೆ ಎಂದರ್ಥ. ಮನೆಯ ಬಾಗಿಲಿನ ಅಳತೆ, ಕೋಣೆಯ ಫೋಟೊ ಕಳಿಸಿ ಕೇಳುತ್ತಿದ್ದರೆ ಹದ ಸರಿಯಿದೆ. ಯಾವ ಪೋಸ್ಟೂ ಆಷಾಢದಲ್ಲಿ ಮದುವೆ ಮಾಡಿಸಲಾರದು; ಈ ತಿಂಗಳ ದುಡಿಮೆಯನ್ನು ವಿಚಾರಣೆಗಳ ಲೆಕ್ಕದಲ್ಲಿ ನೋಡಬೇಕು, ಮಾರಾಟದ ಲೆಕ್ಕವನ್ನು ಶ್ರಾವಣ ಮುಗಿದ ಮೇಲೆ ಹಾಕಬೇಕು.